ಊರಲ್ಲಿ ಒಬ್ಬರೇ ಇರುವ ಅಮ್ಮನಿಗೆ ದಿನದ ಹಾಜರಿ: ಮಿಸ್ಡ್ ಕಾಲ್, ಆ್ಯಪ್, ಸೆನ್ಸರ್, ಪಕ್ಕದ ಮನೆ – ಯಾವುದು ಸರಿ?

ಕೋಲಾರದ ಸುತ್ತಮುತ್ತ ಈಗ ಯಾವ ಹಳ್ಳಿಗೆ ಹೋದರೂ ಇಂಥ ಒಂದೆರಡು ಮನೆ ಸಿಗುತ್ತವೆ. ಮಕ್ಕಳು ಬೆಂಗಳೂರಲ್ಲಿ, ಅಮ್ಮನೋ ಅಪ್ಪನೋ ಊರಲ್ಲಿ ಒಬ್ಬರೇ. ಕರೆದರೆ ಬರಲ್ಲ. ಮನೆ, ತೋಟ, ಊರಿನ ಜನ ಬಿಟ್ಟು ಬೆಂಗಳೂರಿನ ಎರಡು ರೂಮಿನ ಮನೆಯಲ್ಲಿ ಕೂರೋಕೆ ಅವರಿಗೆ ಮನಸ್ಸಿಲ್ಲ. ಅದು ಅವರ ಇಷ್ಟ, ಅದನ್ನು ಗೌರವಿಸಬೇಕು. ಆದರೆ ಅವರು ಬಚ್ಚಲಲ್ಲಿ ಜಾರಿ ಬಿದ್ದರೆ ನಮಗೆ ಯಾವಾಗ ಗೊತ್ತಾಗುತ್ತೆ?

ಇದಕ್ಕೆ ಇರುವ ಏರ್ಪಾಡು ಸರಳ. ಅವರು ದಿನಾ ಒಂದು ಹೊತ್ತಿನೊಳಗೆ "ನಾನು ಚೆನ್ನಾಗಿದ್ದೀನಿ" ಅಂತ ಒಂದು ಗುರುತು ಕಳಿಸಬೇಕು. ಆ ಹೊತ್ತು ದಾಟಿದರೂ ಗುರುತು ಬರದಿದ್ದರೆ ಮನೆಯವರಿಗೆ ಸುದ್ದಿ ಮುಟ್ಟಬೇಕು. ಗುರುತು ಕಳಿಸೋಕೆ ದಾರಿಗಳು ಬೇಕಾದಷ್ಟಿವೆ. ಯಾವುದನ್ನೇ ನೋಡಿದರೂ ನಾನು ಮೂರೇ ಪ್ರಶ್ನೆ ಕೇಳುತ್ತೇನೆ. ಇದಕ್ಕಾಗಿ ಅಮ್ಮ ಹೊಸದಾಗಿ ಏನು ಕಲಿಯಬೇಕು? ಗುರುತು ಬರಲಿಲ್ಲ ಅನ್ನೋದನ್ನು ಗಮನಿಸುವವರು ಯಾರು? ಗಮನಿಸಿದ ಮೇಲೆ ಹೋಗಿ ಬಾಗಿಲು ತೆಗೆಯುವವರು ಯಾರು? ಆ್ಯಪ್ ಮಾರುವವರು ಮೊದಲನೆಯದರ ಬಗ್ಗೆ ಮಾತ್ರ ಮಾತಾಡುತ್ತಾರೆ. ಏರ್ಪಾಡು ಕೈಕೊಡುವುದು ಹೆಚ್ಚಾಗಿ ಎರಡನೆಯದರಲ್ಲಿ ಮತ್ತು ಮೂರನೆಯದರಲ್ಲಿ.

ಉದಾಹರಣೆಗೆ ನಮ್ಮ ದೊಡ್ಡಮ್ಮನ ಮನೆಯನ್ನೇ ತಗೊಳ್ಳುತ್ತೇನೆ. ಶ್ರೀನಿವಾಸಪುರದ ಹತ್ತಿರ ಹಳ್ಳಿ. ಅವರಿಗೆ ಎಪ್ಪತ್ತು ದಾಟಿದೆ, ಬಿಪಿ ಇದೆ, ಮಂಡಿನೋವಿದೆ, ಬುದ್ಧಿ ಚುರುಕಾಗಿದೆ. ಕೈಯಲ್ಲಿರೋದು ಬಟನ್ ಫೋನ್. ನಾನು ಕೋಲಾರದಲ್ಲಿದ್ದೇನೆ, ಅವರ ಮಗ, ಅಂದರೆ ನಮ್ಮಣ್ಣ, ಬೆಂಗಳೂರಲ್ಲಿ. ನನಗೆ ಆ ಊರು ಮುಕ್ಕಾಲು ಗಂಟೆ ದೂರ. ಅಣ್ಣನಿಗೆ ಟ್ರಾಫಿಕ್ ಇಲ್ಲದಿದ್ದರೂ ಎರಡೂವರೆ ಗಂಟೆ.

ಮೊದಲು ಹೊತ್ತಿನ ಲೆಕ್ಕ

ಯಾವ ಆ್ಯಪ್, ಯಾವ ಯಂತ್ರ ಅಂತ ನೋಡೋಕೆ ಮುಂಚೆ ಒಂದು ಲೆಕ್ಕ ಹಾಕಿ. ಇದನ್ನು ಹಾಕುವವರು ಕಡಿಮೆ.

ದಿನಕ್ಕೆ ಒಂದೇ ಸಲ, ಬೆಳಿಗ್ಗೆ ಎಂಟೂವರೆ ಒಳಗೆ ಗುರುತು ಬರಬೇಕು ಅಂತ ಇಟ್ಟುಕೊಂಡಿರಿ ಅಂದುಕೊಳ್ಳಿ. ದೊಡ್ಡಮ್ಮ ಏಳು ಗಂಟೆಗೆ ಗುರುತು ಕಳಿಸಿದರು. ಏಳೂಕಾಲಿಗೆ ಬಚ್ಚಲಲ್ಲಿ ಬಿದ್ದರು. ಆವತ್ತಿನ ಹಾಜರಿ ಆಗಲೇ ಬಿದ್ದಿದೆ. ನಮಗೆ ಗೊತ್ತಾಗುವುದು ಮಾರನೇ ದಿನ ಎಂಟೂವರೆಗೆ. ಅಂದರೆ ಇಪ್ಪತ್ತೈದೂಕಾಲು ಗಂಟೆ ನೆಲದ ಮೇಲೆ. ಕೆಲವು ಆ್ಯಪ್‌ಗಳು ಎರಡು ದಿನ ಕಾದು ಸುದ್ದಿ ಕೊಡುತ್ತವೆ. ಅದನ್ನು ವಯಸ್ಸಾದವರಿಗೆ ಹಾಕಿ ಪ್ರಯೋಜನವಿಲ್ಲ.

ಈಗ ಸಂಜೆಗೂ ಒಂದು ಹೊತ್ತು ಸೇರಿಸಿ, ರಾತ್ರಿ ಎಂಟೂವರೆ ಅಂತ ಇಡಿ. ಅದೇ ಏಳೂಕಾಲಿಗೆ ಬಿದ್ದರೆ ಆವತ್ತೇ ರಾತ್ರಿ ಎಂಟೂವರೆಗೆ ಗೊತ್ತಾಗುತ್ತೆ, ಹದಿಮೂರೂಕಾಲು ಗಂಟೆ. ಸಂಜೆ ಏಳಕ್ಕೆ ಗುರುತು ಕಳಿಸಿ ಏಳೂಕಾಲಿಗೆ ಬಿದ್ದರೂ ಅಷ್ಟೇ. ಕಾಯುವ ಹೊತ್ತು ಹೆಚ್ಚುಕಡಿಮೆ ಅರ್ಧವಾಯಿತು. ಖರ್ಚು ಮಾತ್ರ ಒಂದು ಪೈಸೆಯೂ ಹೆಚ್ಚಾಗಲಿಲ್ಲ. ಹಾಗಾಗಿ ಯಾವ ದಾರಿ ಆರಿಸಿದರೂ ದಿನಕ್ಕೆ ಎರಡು ಸಲ ಇಡಿ ಅನ್ನುವುದು ನನ್ನ ಮಾತು.

ಈ ಲೆಕ್ಕವೇ ಏರ್ಪಾಡಿನ ಮಿತಿಯನ್ನೂ ತೋರಿಸುತ್ತೆ. ಪಾರ್ಶ್ವವಾಯು ಹೊಡೆದರೆ ರಕ್ತದ ಗೆಡ್ಡೆ ಕರಗಿಸುವ ಇಂಜೆಕ್ಷನ್‌ಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಗಡುವು. ಹದಿಮೂರು ಗಂಟೆಯ ಹಾಜರಿ ಆ ಗಡುವಿನೊಳಗೆ ಮುಟ್ಟಿಸುತ್ತೆ ಅಂತ ನಂಬಿ ಕೂರುವ ಹಾಗಿಲ್ಲ. ಬಿದ್ದು ಏಳೋಕಾಗದೆ ಒಂದು ಗಂಟೆಗಿಂತ ಜಾಸ್ತಿ ನೆಲದ ಮೇಲಿದ್ದರೇ ತೊಂದರೆ ಶುರು. ಒಂದೇ ಕಡೆ ಒತ್ತಿ ಮಾಂಸಖಂಡ ಹಾಳಾಗುತ್ತೆ, ಅದರಿಂದ ಕಿಡ್ನಿಗೆ ಪೆಟ್ಟು ಬೀಳುತ್ತೆ, ಮೈಯಲ್ಲಿ ನೀರು ಕಡಿಮೆಯಾಗುತ್ತೆ, ಚರ್ಮ ಹುಣ್ಣಾಗುತ್ತೆ. ಒಬ್ಬರೇ ಬಿದ್ದವರು ಎರಡು ದಿನ ಯಾರಿಗೂ ಗೊತ್ತಾಗದೆ ಬಿದ್ದಿರಬಾರದು. ಹಾಜರಿ ಇರುವುದು ಅದಕ್ಕೆ. ಈಗಾಗಲೇ ಎರಡು ಮೂರು ಸಲ ಬಿದ್ದವರಿಗೆ, ಫಿಟ್ಸ್ ಬರುವವರಿಗೆ ಇದೊಂದೇ ಸಾಲಲ್ಲ. ಅವರ ಜೊತೆ ಯಾರಾದರೂ ಮಲಗೋಕೆ ಬರಲೇಬೇಕು.

ಕೊರಳಿಗೆ ಹಾಕಿಕೊಳ್ಳುವ ಬಟನ್ ಇದೆಯಲ್ಲ, ಬಿದ್ದ ತಕ್ಷಣ ಒತ್ತಿದರೆ ಆಯಿತಲ್ಲ ಅಂತ ಕೇಳಬಹುದು. ಇರಲಿ, ಒಳ್ಳೆಯದೇ. ಆದರೆ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ತೊಂಬತ್ತು ದಾಟಿದವರ ಮೇಲೆ ನಡೆದ ಒಂದು ಅಧ್ಯಯನ 2008ರಲ್ಲಿ ಬಿಎಂಜೆ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಅಲಾರ್ಮ್ ಸೌಲಭ್ಯ ಇದ್ದೂ, ಒಬ್ಬರೇ ಇದ್ದಾಗ ಬಿದ್ದು ಏಳೋಕಾಗದೆ ಹೋದವರಲ್ಲಿ ನೂರಕ್ಕೆ ಸುಮಾರು 80 ಮಂದಿ ಅದನ್ನು ಒತ್ತಿರಲೇ ಇಲ್ಲ. ನಮ್ಮ ಮನೆಗಳಲ್ಲೂ ಹೀಗೇ ಆಗುತ್ತೆ ಅಂತ ಊಹಿಸುವುದು ಕಷ್ಟವಲ್ಲ. ಸ್ನಾನಕ್ಕೆ ಹೋಗುವಾಗ ತೆಗೆದಿಡುತ್ತಾರೆ, "ಸುಮ್ನೆ ಮಕ್ಕಳಿಗೆ ಯಾಕೆ ಗಾಬರಿ" ಅಂತ ಒತ್ತಲ್ಲ, ಪ್ರಜ್ಞೆ ತಪ್ಪಿದರೆ ಒತ್ತೋಕೇ ಆಗಲ್ಲ. ಹಾಜರಿಯಲ್ಲಿ ಕಷ್ಟಕ್ಕೆ ಸಿಕ್ಕವರು ಏನೂ ಮಾಡಬೇಕಿಲ್ಲ, ಅವರು ಏನೂ ಮಾಡದಿರುವುದೇ ಸುದ್ದಿ.

ಈಗಾಗಲೇ ನಡೆಯುತ್ತಿರುವ ಹಾಜರಿ

ಹಳ್ಳಿಯಲ್ಲಿ ಹಾಜರಿ ಹೊಸದಲ್ಲ. ದೊಡ್ಡಮ್ಮನ ಹತ್ತಿರ ಹಸು ಇರುವವರೆಗೆ ನಮಗೆ ಇದರ ಯೋಚನೆಯೇ ಬಂದಿರಲಿಲ್ಲ. ಬೆಳಿಗ್ಗೆ, ಸಂಜೆ ಎರಡು ಹೊತ್ತೂ ಕ್ಯಾನ್ ಹಿಡಿದು ಡೈರಿಗೆ ಹೋಗಿ ಹಾಲು ಹಾಕಬೇಕು. ಅಲ್ಲಿ ಅವರ ನಂಬರ್ ಒತ್ತಿ, ಲೀಟರ್, ಫ್ಯಾಟ್ ನೋಡಿ ಚೀಟಿ ಕೊಡುತ್ತಾರೆ. ಒಂದು ಹೊತ್ತು ಬರದಿದ್ದರೆ ಡೈರಿ ಸೆಕ್ರೆಟರಿಯೇ "ಯಾಕೆ ಅಜ್ಜಿ ಬರಲಿಲ್ಲ" ಅಂತ ಕೇಳುತ್ತಿದ್ದರು. ದಿನಕ್ಕೆ ಎರಡು ಸಲ, ಹೊತ್ತು ನಿಗದಿ, ಬರೆದಿಡುವವರು ಬೇರೆಯವರು, ಹೋಗಿ ನೋಡೋಕೆ ಊರಲ್ಲೇ ಜನ. ಇದಕ್ಕಿಂತ ಒಳ್ಳೆಯ ಏರ್ಪಾಡನ್ನು ಯಾವ ಕಂಪನಿಯೂ ಮಾಡಿಲ್ಲ. ಮಂಡಿನೋವು ಜಾಸ್ತಿಯಾಗಿ ಹಸು ಮಾರಿದ ದಿನ ಇದೂ ನಿಂತುಹೋಯಿತು.

ಹಸು ಇಲ್ಲದಿದ್ದರೂ ಇಂಥ ಕೊಂಡಿ ಹುಡುಕಿದರೆ ಸಿಗುತ್ತೆ. ಹಾಲು ಕೊಡಲು ಬರುವ ಹುಡುಗ, ಹೂವಿನವರು, ಎದುರು ಮನೆಯವರು. ಬೆಳಿಗ್ಗೆ ಅಂಗಳಕ್ಕೆ ನೀರು ಹಾಕಿ ರಂಗೋಲಿ ಬಿಟ್ಟಿದ್ದಾರಾ ಅಂತ ನೋಡಿದರೂ ಸಾಕು. ಇವರಿಗೆ ನೇರವಾಗಿ, ಹೆಸರು ಹಿಡಿದು ಹೇಳಬೇಕು: "ಎಂಟು ಗಂಟೆಗೆ ರಂಗೋಲಿ ಕಾಣಲಿಲ್ಲ ಅಂದ್ರೆ ನನಗೆ ಫೋನ್ ಮಾಡಿ." "ಸ್ವಲ್ಪ ನೋಡ್ಕೊಳ್ಳಿ" ಅಂತ ಹತ್ತು ಜನಕ್ಕೆ ಹೇಳಿದರೆ ಪ್ರತಿಯೊಬ್ಬರೂ ಇನ್ನೊಬ್ಬರು ನೋಡಿರುತ್ತಾರೆ ಅಂದುಕೊಳ್ಳುತ್ತಾರೆ. ಈ ದಾರಿಯ ದೊಡ್ಡ ಬಲ ಅಂದರೆ ಮೂರನೇ ಪ್ರಶ್ನೆಗೆ ಇದೇ ಉತ್ತರ, ಬಾಗಿಲಿಗೆ ಐದು ನಿಮಿಷದಲ್ಲಿ ಹೋಗುವವರು ಇವರೇ. ಕೊರತೆ ಎರಡನೆಯದರಲ್ಲಿ. ಪಕ್ಕದ ಮನೆಯವರು ತಿರುಪತಿಗೆ ಹೋದರೆ, ಮಾವಿನ ಕೊಯ್ಲಿನ ತಿಂಗಳಲ್ಲಿ ಎಲ್ಲರೂ ಬೆಳಗಾಗುವ ಮುಂಚೆಯೇ ತೋಟಕ್ಕೆ ಹೊರಟರೆ, ಗಮನಿಸುವವರು ಯಾರೂ ಇರಲ್ಲ. ಗಮನಿಸುವವರು ಇಲ್ಲ ಅನ್ನೋದು ನಮಗೆ ಗೊತ್ತೂ ಆಗಲ್ಲ.

ಫೋನ್, ವಾಟ್ಸಾಪ್

ಸ್ಮಾರ್ಟ್‌ಫೋನ್ ಇರುವ ಅಮ್ಮಂದಿರ ಮನೆಗಳಲ್ಲಿ ವಾಟ್ಸಾಪಿನ ಗುಡ್ ಮಾರ್ನಿಂಗ್ ಚಿತ್ರವೇ ಹಾಜರಿ. ಬಂದರೆ ಸಮಾಧಾನ. ಬರದಿದ್ದರೆ? ಬರಲಿಲ್ಲ ಅನ್ನೋದು ಮಧ್ಯಾಹ್ನ ಊಟದ ಹೊತ್ತಿಗೆ ನೆನಪಾಗುತ್ತೆ. ಮೀಟಿಂಗ್ ಇದ್ದ ದಿನ ಸಂಜೆಗೆ. ಬಂದದ್ದು ಕಣ್ಣಿಗೆ ಬೀಳುತ್ತೆ, ಬಾರದ್ದು ಬೀಳಲ್ಲ. ನೀವೇ ದಿನಾ ಫೋನ್ ಮಾಡುವುದಕ್ಕೂ ಇದೇ ಕೊರತೆ ಇದೆ. ಅಮ್ಮನ ಹಾಜರಿ ನಿಮ್ಮ ನೆನಪಿನ ಮೇಲೆ ನಿಂತಿರುತ್ತೆ. ನೀವು ವಿಮಾನದಲ್ಲಿದ್ದರೆ, ನಿಮಗೇ ಜ್ವರ ಬಂದು ಮಲಗಿದ್ದರೆ ಆವತ್ತು ಕಾವಲಿಲ್ಲ. ದಿನಾ ಮಾತಾಡಿ, ಅದು ಬೇಕೇ ಬೇಕು. ಮಾತಾಡುವುದನ್ನೇ ಕಾವಲು ಅಂದುಕೊಳ್ಳಬೇಡಿ.

ಹಾಜರಿ ಆ್ಯಪ್

ಇದು ಸ್ಮಾರ್ಟ್‌ಫೋನಿನಲ್ಲಿ ದಿನಾ ಒಂದು ದೊಡ್ಡ ಬಟನ್ ಒತ್ತಿಸುವ ಆ್ಯಪ್. ಒತ್ತದಿದ್ದರೆ ನಾವು ಕೊಟ್ಟ ನಂಬರ್‌ಗಳಿಗೆ ಸುದ್ದಿ ಹೋಗುತ್ತೆ. ಗಮನಿಸುವ ಕೆಲಸವನ್ನು ಯಂತ್ರಕ್ಕೆ ಕೊಟ್ಟಿದ್ದು ಇದರ ಒಳ್ಳೆಯ ಗುಣ. ಆದರೆ ಆ್ಯಪ್‌ಗಳಲ್ಲಿ ಎರಡು ಜಾತಿ. ಕೆಲವು ಹೊತ್ತಿನ ಲೆಕ್ಕವನ್ನು ಕಂಪನಿಯ ಸರ್ವರ್‌ನಲ್ಲಿ ಇಡುತ್ತವೆ. ಇನ್ನು ಕೆಲವು ಅಮ್ಮನ ಫೋನಿನಲ್ಲೇ ಇಡುತ್ತವೆ. ಎರಡನೇ ಜಾತಿಯಲ್ಲಿ ಫೋನ್ ಬಿದ್ದು ಒಡೆದರೆ, ಚಾರ್ಜ್ ಖಾಲಿಯಾದರೆ, ಸುದ್ದಿ ಕಳಿಸಬೇಕಾದ ಆ್ಯಪ್ಪೇ ಸತ್ತಿರುತ್ತೆ. ನಮಗೆ ಎಲ್ಲ ಚೆನ್ನಾಗಿದೆ ಅನ್ನಿಸುತ್ತೆ.

ಯಾವ ಜಾತಿ ಅಂತ ತಿಳಿಯೋಕೆ ಜಾಹೀರಾತು ಓದಬೇಕಿಲ್ಲ. ಹಾಜರಿ ಹೊತ್ತಿಗೆ ಒಂದು ಗಂಟೆ ಮುಂಚೆ ಆ ಫೋನನ್ನು ಸ್ವಿಚ್ ಆಫ್ ಮಾಡಿ ಇಡಿ. ಹೊತ್ತು ದಾಟಿದಾಗ ನಿಮಗೆ ಸುದ್ದಿ ಬಂದರೆ ಲೆಕ್ಕ ಸರ್ವರ್‌ನಲ್ಲಿದೆ. ಬರದಿದ್ದರೆ ಆ ಆ್ಯಪ್ ತೆಗೆದುಬಿಡಿ. ಸುದ್ದಿ ಎಸ್‌ಎಂಎಸ್‌ನಲ್ಲಿ ಬರುತ್ತೆ ಅಂತ ಹೇಳುವ ವಿದೇಶಿ ಆ್ಯಪ್ ಆದರೆ ಅದನ್ನೂ ಈ ಪರೀಕ್ಷೆಯಲ್ಲೇ ನೋಡಿ. ನಮ್ಮಲ್ಲಿ ಕಂಪನಿಗಳು ಕಳಿಸುವ ಎಸ್‌ಎಂಎಸ್‌ಗೆ ಮೊದಲೇ ನೋಂದಣಿ ಆಗಿರಬೇಕು ಅನ್ನುವ ನಿಯಮವಿದೆ, ಹೊರಗಿನ ಸಂದೇಶ ದಾರಿಯಲ್ಲೇ ನಿಲ್ಲಬಹುದು.

ಇನ್ನೊಂದು ತೊಂದರೆ, ಫೋನ್ ಬ್ಯಾಟರಿ ಉಳಿಸೋಕೆ ಹಿಂದಿನಿಂದ ಆ್ಯಪ್ ನಿಲ್ಲಿಸಿಬಿಡುವುದು. ಕಡಿಮೆ ಬೆಲೆಯ ಆಂಡ್ರಾಯ್ಡ್ ಫೋನ್‌ಗಳಲ್ಲಿ ಇದು ಜಾಸ್ತಿ. ಆಗ "ಬಟನ್ ಒತ್ತಿ" ಅನ್ನುವ ಜ್ಞಾಪನೆ ಬರಲ್ಲ, ಅಮ್ಮ ಒತ್ತಲ್ಲ, ನಿಮಗೆ ಸುಳ್ಳು ಸುದ್ದಿ ಬರುತ್ತೆ. ಸೆಟ್ಟಿಂಗ್ಸ್‌ನಲ್ಲಿ ಆ ಆ್ಯಪ್‌ಗೆ ಬ್ಯಾಟರಿ ನಿರ್ಬಂಧ ತೆಗೆದು, ಆಟೋಸ್ಟಾರ್ಟ್ ಕೊಡಬೇಕು. ಅಷ್ಟಾದ ಮೇಲೂ, ಸ್ಮಾರ್ಟ್‌ಫೋನ್ ರೂಢಿ ಇಲ್ಲದವರಿಗೆ ಹಾಜರಿಗೋಸ್ಕರ ಅದನ್ನು ಕಲಿಸೋಕೆ ಹೋಗಬೇಡಿ. ಅವರು ಕಷ್ಟಪಟ್ಟು ಕಲಿಯುತ್ತಾರೆ, ನಾಲ್ಕು ದಿನ ಒತ್ತುತ್ತಾರೆ, ಅಪ್‌ಡೇಟ್ ಬಂದು ಪರದೆ ಬದಲಾದ ದಿನ ಬಿಟ್ಟುಬಿಡುತ್ತಾರೆ.

ಸೆನ್ಸರ್, ಕ್ಯಾಮೆರಾ

ಅಡುಗೆಮನೆಯಲ್ಲಿ ಓಡಾಟ ಗುರುತಿಸುವ ಸೆನ್ಸರ್ ಇಟ್ಟರೆ ಅಮ್ಮ ಏನೂ ಮಾಡಬೇಕಿಲ್ಲ. ಕೇಳೋಕೆ ಚೆನ್ನಾಗಿದೆ. ಆದರೆ ಸೆನ್ಸರ್‌ಗೆ ವೈಫೈ ಬೇಕು, ವೈಫೈಗೆ ಕರೆಂಟ್ ಬೇಕು. ಮಳೆಗಾಲದ ಒಂದು ಗಾಳಿಗೆ ಊರಿನ ಲೈನ್ ಹೋದರೆ ಸೆನ್ಸರ್ ಸುಮ್ಮನಾಗುತ್ತೆ. ನಮಗೆ ಅಮ್ಮನೇ ಸುಮ್ಮನಾದ ಹಾಗೆ ಕಾಣುತ್ತೆ. ಹಾಕಲೇಬೇಕು ಅಂದರೆ ರೂಟರ್ ಕೂಡ ತನ್ನ ಪಾಡಿಗೆ ಬೇರೆ ಗುರುತು ಕಳಿಸುವ ಹಾಗೆ ಮಾಡಿಸಿ. ಎರಡೂ ಒಟ್ಟಿಗೆ ನಿಂತರೆ ಕರೆಂಟ್ ಹೋಗಿದೆ. ಸೆನ್ಸರ್ ಒಂದೇ ನಿಂತು ರೂಟರ್ ನಡೆಯುತ್ತಿದ್ದರೆ ಅಮ್ಮನ ಕಡೆ ನೋಡಬೇಕು. ಇನ್ವರ್ಟರ್ ಇರುವ, ಕೋಲಾರ ಅಥವಾ ಕೆಜಿಎಫ್ ಪಟ್ಟಣದ ಮನೆಗೆ ಇದು ಆಗಬಹುದು. ಮರೆವು ಇರುವ ತಂದೆತಾಯಿಗೆ ದಿನಾ ಏನಾದರೂ ಮಾಡಿ ಅಂತ ಹೇಳೋಕಾಗಲ್ಲ, ಅವರಿಗೂ ಇದೇ ಸರಿ. ಕ್ಯಾಮೆರಾ ಬಗ್ಗೆ ನನ್ನ ಅಭಿಪ್ರಾಯ ಖಚಿತವಾಗಿದೆ. ಮಲಗುವ ಮನೆಯಲ್ಲಿ ಕ್ಯಾಮೆರಾ ಇಡಬಾರದು, ಬಚ್ಚಲಲ್ಲಂತೂ ಇಡೋಕಾಗಲ್ಲ. ಬೀಳೋದು ಹೆಚ್ಚಾಗಿ ಅಲ್ಲೇ. ಅದನ್ನು ದಿನಾ ಕೂತು ನೋಡುವವರೂ ಬೇಕು.

ನಾನು ಆರಿಸಿದ್ದು: ಮಿಸ್ಡ್ ಕಾಲ್ ಅಮ್ಮನದು, ಗಮನ ಯಂತ್ರದ್ದು

ಮಿಸ್ಡ್ ಕಾಲ್ ಕೊಡುವುದನ್ನು ನಮ್ಮ ದೊಡ್ಡವರಿಗೆ ಯಾರೂ ಕಲಿಸಬೇಕಿಲ್ಲ. ಬಟನ್ ಫೋನ್ ಸಾಕು, ಇಂಟರ್ನೆಟ್ ಬೇಡ, ಭಾಷೆಯ ತೊಡಕಿಲ್ಲ, ಕರೆಂಟ್ ಹೋದರೂ ಎರಡು ಮೂರು ದಿನ ಚಾರ್ಜ್ ಇರುತ್ತೆ. ಅದರ ಒಂದೇ ಕೊರತೆ, ಬರದಿದ್ದನ್ನು ಗಮನಿಸೋಕೆ ಮನುಷ್ಯ ಬೇಕು ಅನ್ನೋದು. ಅದೊಂದನ್ನು ಮಾತ್ರ ಯಂತ್ರಕ್ಕೆ ಕೊಟ್ಟರೆ ಸಾಕು.

ನಮ್ಮ ಮನೆಯಲ್ಲಿ ಹೀಗೆ ಮಾಡಿದ್ದೇವೆ. ಕೋಲಾರದ ನನ್ನ ಮನೆಯಲ್ಲಿ ಒಂದು ಹಳೇ ಆಂಡ್ರಾಯ್ಡ್ ಫೋನಿದೆ, ಅದಕ್ಕೆ ಬೇರೆ ಸಿಮ್. ಆ ನಂಬರ್ ಇರುವುದು ದೊಡ್ಡಮ್ಮನ ಮಿಸ್ಡ್ ಕಾಲ್‌ಗೆ ಮಾತ್ರ, ಅದನ್ನು ಯಾರೂ ಎತ್ತಲ್ಲ. ಫೋನಿನಲ್ಲಿ ಮ್ಯಾಕ್ರೋಡ್ರಾಯ್ಡ್ ಅನ್ನುವ ಆ್ಯಪ್ ಇದೆ. "ಈ ನಂಬರ್‌ನಿಂದ ಕರೆ ಬಂದರೆ ಈ ವಿಳಾಸ ತೆರೆ" ಅಂತ ಅದಕ್ಕೆ ಒಂದು ನಿಯಮ ಬರೆದಿದ್ದೇನೆ. ಟ್ರಿಗರ್‌ನಲ್ಲಿ ಒಳಬರುವ ಕರೆ ಮತ್ತು ದೊಡ್ಡಮ್ಮನ ನಂಬರ್, ಆ್ಯಕ್ಷನ್‌ನಲ್ಲಿ HTTP Request. ಆ ವಿಳಾಸ ಹೆಲ್ತ್‌ಚೆಕ್ಸ್ ಅನ್ನುವ ಸೇವೆಯದು:

```
https://hc-ping.com/<ನಿಮ್ಮ-ಗುರುತು-ಸಂಖ್ಯೆ>
```

ಹೆಲ್ತ್‌ಚೆಕ್ಸ್ (`healthchecks.io`) ಇರುವುದು ಕಂಪ್ಯೂಟರ್‌ಗಳಿಗೆ. ರಾತ್ರಿ ಬ್ಯಾಕಪ್ ತೆಗೆಯುವ ಸರ್ವರ್ ಕೆಲಸ ಮುಗಿಸಿ ಒಂದು ಗುರುತು ಕಳಿಸುತ್ತೆ, ಕಳಿಸದಿದ್ದರೆ ಇದು ಕೂಗುತ್ತೆ. ನಮಗೆ ಬೇಕಾದದ್ದೂ ಅದೇ. ಒಂದು ಮನೆಗೆ ಅದರ ಉಚಿತ ಖಾತೆಯೇ ಸಾಕು. ಸುದ್ದಿ ಇಮೇಲ್‌ಗೂ ಟೆಲಿಗ್ರಾಮ್‌ಗೂ ಬರುತ್ತೆ. ಲೆಕ್ಕ ಇರುವುದು ಅವರ ಸರ್ವರ್‌ನಲ್ಲಿ. ಹಾಗಾಗಿ ದೊಡ್ಡಮ್ಮನ ಫೋನ್ ಕೆಟ್ಟರೂ, ನನ್ನ ಹಳೇ ಫೋನ್ ಸತ್ತರೂ, ನೆಟ್‌ವರ್ಕ್ ಹೋದರೂ ಫಲ ಒಂದೇ: ಸುದ್ದಿ ಬರುತ್ತೆ. ಇವುಗಳಲ್ಲಿ ಯಾವುದು ಕೆಟ್ಟರೂ ಕೂಗುವ ಕಡೆಗೇ ಕೆಡುತ್ತೆ, ಸುಮ್ಮನಿರುವ ಕಡೆಗಲ್ಲ. ಬೇರೆ ಯಾವುದಾದರೂ ಏರ್ಪಾಡು ನೋಡುವಾಗಲೂ ಈ ಗುಣ ಇದೆಯಾ ಅಂತ ನೋಡಿ.

ಇಲ್ಲಿ ಹೊತ್ತು ಹಾಕುವುದರಲ್ಲಿ ಎಡವುವವರು ಜಾಸ್ತಿ. ಸೇವೆಯಲ್ಲಿ ಎರಡು ಬಗೆಯ ಲೆಕ್ಕವಿದೆ. ಸಿಂಪಲ್ ಬಗೆಯಲ್ಲಿ "ಕೊನೆಯ ಗುರುತು ಬಂದು ಇಷ್ಟು ಗಂಟೆ ಆಯಿತು" ಅಂತ ಎಣಿಸುತ್ತೆ. ಒಂದು ದಿನ ಮತ್ತು ಮೂರು ಗಂಟೆ ಅಂತ ಹಾಕಿದ್ದೀರಿ, ದೊಡ್ಡಮ್ಮ ಸೋಮವಾರ ರಾತ್ರಿ ಹತ್ತಕ್ಕೆ ಯಾಕೋ ಇನ್ನೊಂದು ಮಿಸ್ಡ್ ಕಾಲ್ ಕೊಟ್ಟರು ಅಂದುಕೊಳ್ಳಿ. ಮುಂದಿನ ಸುದ್ದಿ ಬರುವುದು ಬುಧವಾರ ಬೆಳಗಿನ ಜಾವ ಒಂದು ಗಂಟೆಗೆ. ಮಂಗಳವಾರ ಪೂರ್ತಿ ಕಾವಲಿಲ್ಲ. ನಮಗೆ ಬೇಕಾದದ್ದು ಗಡಿಯಾರದ ಹೊತ್ತು. ಹಾಗಾಗಿ ಕ್ರಾನ್ ಅನ್ನುವ ಬಗೆ ಆರಿಸಿ, ಟೈಮ್‌ಜೋನ್ `Asia/Kolkata` ಮಾಡಿ, ಹೀಗೆ ಬರೆಯಿರಿ:

```
0 5,17 * * *
```

ಗ್ರೇಸ್ ಟೈಮ್ 3 ಗಂಟೆ 30 ನಿಮಿಷ. ಇದರ ಅರ್ಥ, ಬೆಳಿಗ್ಗೆ ಐದಕ್ಕೂ ಸಂಜೆ ಐದಕ್ಕೂ ಹಾಜರಿಯ ಬಾಗಿಲು ತೆರೆಯುತ್ತೆ, ಎಂಟೂವರೆ ಒಳಗೆ ಒಂದು ಕರೆ ಬರಬೇಕು. "ಎಂಟೂವರೆಗೆ ತಾನೇ ಗಡುವು" ಅಂತ ನೇರವಾಗಿ ಎಂಟು ಗಂಟೆ ಹಾಕಿ ಅರ್ಧ ಗಂಟೆ ಗ್ರೇಸ್ ಕೊಟ್ಟರೆ ತಪ್ಪಾಗುತ್ತೆ. ದೊಡ್ಡಮ್ಮ ಆರೂವರೆಗೇ ಕರೆ ಮಾಡಿದರೂ, ಎಂಟರ ನಂತರ ಬಂದಿಲ್ಲ ಅಂತ ಅದು ಕೂಗುತ್ತೆ. ಬಾಗಿಲು ತೆರೆಯುವ ಹೊತ್ತು ಅವರು ಏಳುವ ಹೊತ್ತಿಗಿಂತ ಮುಂಚೆ ಇರಬೇಕು. ನಮ್ಮ ದೊಡ್ಡಮ್ಮ ಐದೂವರೆಗೆ ಏಳುತ್ತಾರೆ, ಕಾಫಿ ಕುಡಿದು ಏಳರ ಹೊತ್ತಿಗೆ ಕರೆ ಮಾಡುತ್ತಾರೆ. ಸಂಜೆ ದೀಪ ಹಚ್ಚಿದ ಮೇಲೆ ಇನ್ನೊಂದು. ಕಾಫಿ, ದೀಪ ಎರಡೂ ಅವರು ಮರೆಯದ ಕೆಲಸ, ಹಾಗಾಗಿ ಅವಕ್ಕೇ ಗಂಟು ಹಾಕಿದ್ದೇವೆ. ನಿಮ್ಮ ಅಮ್ಮನ ದಿನಚರಿಯನ್ನು ಒಂದು ವಾರ ಕೇಳಿ ಬರೆದುಕೊಳ್ಳಿ. ಅವರು ತಡವಾದ ದಿನಕ್ಕಿಂತ ಇನ್ನೊಂದು ಗಂಟೆ ಆಚೆಗೆ ಗಡುವಿಡಿ.

ಅವರ ಫೋನಿನಲ್ಲಿ 2ನೇ ಬಟನ್‌ಗೆ ಸ್ಪೀಡ್ ಡಯಲ್ ಹಾಕಿ, ಅದರ ಮೇಲೆ ಒಂದು ಕೆಂಪು ಬಿಂದಿ ಅಂಟಿಸಿದ್ದೇನೆ. ಒತ್ತಿ ಹಿಡಿದರೆ ಕರೆ ಹೋಗುತ್ತೆ, ಎರಡು ರಿಂಗ್ ಆದಮೇಲೆ ಕಟ್ ಮಾಡುತ್ತಾರೆ. ಅಷ್ಟೇ.

ಸುಳ್ಳು ಸುದ್ದಿ ಬರುವುದು ಹೆಚ್ಚಾಗಿ ರೀಚಾರ್ಜ್ ಮುಗಿದಾಗ. ಇಪ್ಪತ್ತೆಂಟು ದಿನದ ಪ್ಲಾನ್ ಮುಗಿದ ಬೆಳಿಗ್ಗೆ ಅವರ ಫೋನಿನಿಂದ ಕರೆ ಹೊರಗೆ ಹೋಗಲ್ಲ. ಅವರು ಒತ್ತಿ ಇಟ್ಟು ಮುಗೀತು ಅಂದುಕೊಂಡಿರುತ್ತಾರೆ. ದೂರಸಂಪರ್ಕ ನಿಯಂತ್ರಕ ಸಂಸ್ಥೆ ಟ್ರಾಯ್ ಹೇಳಿದ ಮೇಲೆ, 2025ರಿಂದ ಡೇಟಾ ಇಲ್ಲದ, ಮಾತು ಮತ್ತು ಎಸ್‌ಎಂಎಸ್‌ಗೆ ಮಾತ್ರ ಇರುವ ಪ್ಲಾನ್‌ಗಳು ಬಂದಿವೆ, ವರ್ಷದ್ದೂ ಸಿಗುತ್ತೆ. ಅದನ್ನೇ ಹಾಕಿಸಿ. ಹಳೇ ಫೋನಿನ ಸಿಮ್‌ಗೂ ಇದೇ ಎಚ್ಚರ ಬೇಕು. ಆದರೆ ಅದಕ್ಕೆ ಇಂಟರ್ನೆಟ್ ಬೇಕು, ಮನೆಯ ವೈಫೈ ಕೊಡಿ. ಮ್ಯಾಕ್ರೋಡ್ರಾಯ್ಡ್‌ಗೆ ಬ್ಯಾಟರಿ ನಿರ್ಬಂಧ ತೆಗೆಯುವುದು ಮರೆಯಬೇಡಿ.

ಇಷ್ಟೆಲ್ಲ ಹೊಂದಿಸೋಕೆ ಮನೆಯಲ್ಲಿ ಒಬ್ಬರಿಗಾದರೂ ಇಂಥದ್ದರಲ್ಲಿ ಆಸಕ್ತಿ ಬೇಕು. ಇಲ್ಲದಿದ್ದರೆ ಬೇಸರ ಬೇಡ. ಅಮ್ಮನಿಗೆ ಸ್ಮಾರ್ಟ್‌ಫೋನ್ ರೂಢಿ ಇದ್ದರೆ ಸರ್ವರ್‌ನಲ್ಲಿ ಲೆಕ್ಕ ಇಡುವ ಆ್ಯಪ್ ತಗೊಳ್ಳಿ. ಅದೂ ಇಲ್ಲದಿದ್ದರೆ ಮಿಸ್ಡ್ ಕಾಲನ್ನು ಇಬ್ಬರಿಗೆ ಕೊಡಿಸಿ. ಆ ಇಬ್ಬರೂ ತಮ್ಮ ಫೋನಿನಲ್ಲಿ ಎಂಟೂವರೆಗೆ ದಿನದ ಅಲಾರಂ ಇಟ್ಟುಕೊಳ್ಳಲಿ. ಅಲಾರಂ ಹೊಡೆದಾಗ ಮಿಸ್ಡ್ ಕಾಲ್ ಇದೆಯಾ ಅಂತ ನೋಡುವುದು, ನೋಡಿದೆ ಅಂತ ಇನ್ನೊಬ್ಬರಿಗೆ ಒಂದು ಮೆಸೇಜ್ ಹಾಕುವುದು. ಯಂತ್ರದಷ್ಟು ಗಟ್ಟಿಯಲ್ಲ, ಸುಮ್ನೆ ನೆನಪಿಟ್ಟುಕೊಳ್ಳುವುದಕ್ಕಿಂತ ಎಷ್ಟೋ ಮೇಲು.

ಸುದ್ದಿ ಬಂತು, ಮುಂದೆ?

ಎಂಟೂವರೆಗೆ ಟೆಲಿಗ್ರಾಮ್ ಕೂಗಿತು ಅಂದುಕೊಳ್ಳಿ. ನಾನು ಮೊದಲು ಹಳೇ ಫೋನಿನ ಕರೆಪಟ್ಟಿ ನೋಡುತ್ತೇನೆ. ದೊಡ್ಡಮ್ಮನ ಕರೆ ಅಲ್ಲಿದ್ದರೆ ಇಂಟರ್ನೆಟ್ ಕೈಕೊಟ್ಟಿದೆ, ಅಷ್ಟೇ. ಇಲ್ಲದಿದ್ದರೆ ಅವರಿಗೆ ಫೋನ್, ಐದು ನಿಮಿಷ ಬಿಟ್ಟು ಇನ್ನೊಂದು ಸಲ. ಎತ್ತದಿದ್ದರೆ ಎಂಟೂ ಮುಕ್ಕಾಲಿಗೆ ಎದುರು ಮನೆಯ ಅಕ್ಕನಿಗೆ. ಅವರು ಸಿಗದಿದ್ದರೆ ಡೈರಿಯವರಿಗೆ. ಅದೇ ಹೊತ್ತಿಗೆ ನಾನು ಮನೆಯಿಂದ ಹೊರಡುತ್ತೇನೆ. ಅಣ್ಣ ಬೆಂಗಳೂರಿಂದ ಹೊರಡುವುದಿಲ್ಲ, ಫೋನಿನಲ್ಲಿ ಕೂತು ಉಳಿದವರ ಜೊತೆ ಮಾತಾಡುವುದು ಅವನ ಕೆಲಸ. ಬಿದ್ದಿದ್ದಾರೆ ಅಂತ ಕಂಡರೆ ನೋಡಿದವರೇ ಅಲ್ಲಿಂದಲೇ 108ಕ್ಕೆ ಫೋನ್ ಮಾಡಬೇಕು. ಬಾಗಿಲು ಒಡೆಯಬೇಕಾಗಿ ಬಂದರೆ 112. ಹಿರಿಯರ ಸಹಾಯವಾಣಿ 14567 ಅಂತ ಒಂದಿದೆ, ಪಿಂಚಣಿ, ಕಾನೂನು, ನೋಡಿಕೊಳ್ಳುವವರ ವಿಚಾರಕ್ಕೆ ಅದು ಒಳ್ಳೆಯದು. ಇಂಥ ಹೊತ್ತಿಗೆ ಅಲ್ಲ.

ಬಾಗಿಲಿನ ವಿಷಯ ಬೇರೆಯಾಗಿ ಹೇಳಲೇಬೇಕು. ಬೀಗದ ಇನ್ನೊಂದು ಕೈ ಎದುರು ಮನೆಯಲ್ಲಿ ಕೊಟ್ಟಿದ್ದೇವೆ ಅಂತ ಎಲ್ಲರೂ ಹೇಳುತ್ತಾರೆ. ಆದರೆ ನಮ್ಮ ಊರಿನ ಮನೆಗಳಲ್ಲಿ ರಾತ್ರಿ ಬೀಗ ಹಾಕುವುದು ಎಲ್ಲಿ? ಒಳಗಿಂದ ಚಿಲಕ, ಅದರ ಕೆಳಗೆ ಅಗಳಿ. ಹೊರಗಿನ ಕೀ ಎಷ್ಟಿದ್ದರೂ ತೆಗೆಯೋಕಾಗಲ್ಲ. ದೊಡ್ಡಮ್ಮನ ಮುಂಬಾಗಿಲಿಗೆ ಒಳಗೂ ಹೊರಗೂ ಕೀ ಹಾಕಬಹುದಾದ ನೈಟ್ ಲ್ಯಾಚ್ ಹಾಕಿಸಿದೆವು, ಅಗಳಿ ಬಿಚ್ಚಿಸಿದೆವು. ಅವರಿಗೆ ಮೊದಮೊದಲು ಕಳ್ಳರ ಭಯ ಇತ್ತು. ಹೊಸ ಬೀಗವನ್ನು ಅವರ ಕೈಯಲ್ಲೇ ಎರಡು ಸುತ್ತು ತಿರುಗಿಸಿ ತೋರಿಸಿದ ಮೇಲೆ ಒಪ್ಪಿದರು. ಬಚ್ಚಲ ಬಾಗಿಲಿನ ಚಿಲಕವನ್ನೂ ತೆಗೆಸಿದ್ದೇವೆ. ಒಬ್ಬರೇ ಇರುವ ಮನೆಯಲ್ಲಿ ಅದು ಬೇಕಿಲ್ಲ.

ಸುಳ್ಳು ಸುದ್ದಿಯಾದ ದಿನ ಅಮ್ಮನ ಮೇಲೆ ರೇಗಬಾರದು. ಒಂದು ಸಲ ಬೈಸಿಕೊಂಡರೆ ಮುಂದಿನ ಸಲ ಬಿದ್ದರೂ ಹೇಳೋಕೆ ಹೆದರುತ್ತಾರೆ. ಓಡಿ ಬಂದ ಎದುರು ಮನೆಯವರಿಗೆ ಆವತ್ತೇ ಫೋನ್ ಮಾಡಿ ಮಾತಾಡಿಸಿ. ಸುಳ್ಳು ಸುದ್ದಿ ತಿಂಗಳಿಗೆ ಒಂದಕ್ಕಿಂತ ಜಾಸ್ತಿಯಾದರೆ ಗಡುವನ್ನು ಅರ್ಧ ಗಂಟೆ ಮುಂದಕ್ಕೆ ಹಾಕಿ. ಇಲ್ಲದಿದ್ದರೆ ಯಾರೂ ಓಡುವುದಿಲ್ಲ.

ಮದುವೆಗೋ ಮಗನ ಮನೆಗೋ ಹೋದಾಗ ಹಾಜರಿಯನ್ನು ನಿಲ್ಲಿಸಿಡಬೇಕು. ಹೆಲ್ತ್‌ಚೆಕ್ಸ್‌ನಲ್ಲಿ Pause ಮಾಡಿದರೆ, ಮುಂದಿನ ಮಿಸ್ಡ್ ಕಾಲ್ ಬಂದ ಕೂಡಲೇ ತಾನೇ ಶುರುವಾಗುತ್ತೆ. ಆದರೆ ಊರಿಗೆ ವಾಪಸ್ ಬಂದ ಮೊದಲ ದಿನವೇ ಕರೆ ಬರದಿದ್ದರೆ ಅದು ಮಲಗಿಯೇ ಇರುತ್ತೆ. ಹಾಗಾಗಿ ಅವರನ್ನು ಬಸ್ ಹತ್ತಿಸುವ ಮುಂಚೆಯೇ ಗುರುತು ಕಳಿಸುವ ಆ ವಿಳಾಸವನ್ನು ನಾನೇ ಒಂದು ಸಲ ತೆರೆದು ಕೈಯಾರೆ ಶುರು ಮಾಡಿಬಿಡುತ್ತೇನೆ. ತಿಂಗಳಿಗೊಂದು ಭಾನುವಾರ ದೊಡ್ಡಮ್ಮನಿಗೆ ಹೇಳಿಯೇ ಬೆಳಗಿನ ಕರೆ ತಪ್ಪಿಸುತ್ತೇವೆ. ಎಂಟೂವರೆಗೆ ಎಲ್ಲರ ಫೋನಿಗೂ ಸುದ್ದಿ ಬಂತಾ, ಸೈಲೆಂಟ್‌ನಲ್ಲಿ ಇದ್ದವರು ಯಾರು ಅಂತ ಗೊತ್ತಾಗುತ್ತೆ.

ಈ ಏರ್ಪಾಡಿನಿಂದ ಸಿಗುವ ಇನ್ನೊಂದು ವಿಷಯ ಕರೆಗಳ ಪಟ್ಟಿ. ಉಚಿತ ಖಾತೆಯಲ್ಲೂ ಕೊನೆಯ ನೂರು ಗುರುತುಗಳ ಹೊತ್ತು ಉಳಿದಿರುತ್ತೆ, ದಿನಕ್ಕೆ ಎರಡರಂತೆ ಸುಮಾರು ಐವತ್ತು ದಿನದ್ದು. ಏಳಕ್ಕೆ ಬರುತ್ತಿದ್ದ ಕರೆ ವಾರವಾರಕ್ಕೆ ಏಳೂವರೆ, ಎಂಟು ಅಂತ ಜಾರುತ್ತಿದ್ದರೆ ರಾತ್ರಿ ನಿದ್ದೆ ಇಲ್ಲವೋ, ಹೊಸ ಮಾತ್ರೆಯಿಂದ ಮಂಪರೋ ಅಂತ ಕೇಳಬೇಕು. ಒಂದೇ ಬೆಳಿಗ್ಗೆ ಮೂರು ನಾಲ್ಕು ಕರೆ ಬರುತ್ತಿದ್ದರೆ, ಮಾಡಿದ್ದನ್ನು ಮರೆತು ಮತ್ತೆ ಮಾಡುತ್ತಿರಬಹುದು. ಮುಂದಿನ ಸಲ ಬಿಪಿ ತೋರಿಸೋಕೆ ಕೋಲಾರದ ಎಸ್‌ಎನ್‌ಆರ್ ಆಸ್ಪತ್ರೆಗೋ ನಿಮ್ಮ ಊರಿನ ಡಾಕ್ಟರ ಹತ್ತಿರವೋ ಹೋಗುವಾಗ ಆ ಪಟ್ಟಿಯನ್ನು ಫೋನಿನಲ್ಲೇ ತೆರೆದು ತೋರಿಸಿ. "ಸ್ವಲ್ಪ ಮರೆವು ಜಾಸ್ತಿಯಾಗಿದೆ" ಅಂತ ಬಾಯಲ್ಲಿ ಹೇಳುವುದಕ್ಕಿಂತ, ಯಾವ ವಾರದಿಂದ ಜಾಸ್ತಿಯಾಯಿತು ಅನ್ನೋದು ಅವರಿಗೆ ಅದರಲ್ಲಿ ಕಾಣುತ್ತೆ.